ಅಂಗಳದಲ್ಲಿ ಸುಮ್ನೆ ಬಿದ್ದ ಚೆಂಡಿನ ತರಂಗದೂರ ಎಷ್ಟು?

ಪ್ರಶ್ನೆ: ಸರ್, ನಾನು ಬದಿಯಡ್ಕದ ಹತ್ತಿರ ಮನೆಯಲ್ಲೇ ಪ್ಲಸ್ ಟು ಮಕ್ಕಳಿಗೆ ಫಿಸಿಕ್ಸ್ ಟ್ಯೂಷನ್ ಕೊಡುತ್ತೇನೆ. ಎಲೆಕ್ಟ್ರಾನಿನ ಅಲೆ ಗೊತ್ತಾಗುತ್ತದೆ, ಕ್ರಿಕೆಟ್ ಚೆಂಡಿನದು ಗೊತ್ತಾಗುವುದಿಲ್ಲ, ಯಾಕೆಂದರೆ ಚೆಂಡಿನ ದ್ರವ್ಯರಾಶಿ ಜಾಸ್ತಿ ಅಂತ ಹೇಳಿಕೊಟ್ಟೆ. ಒಬ್ಬ ಹುಡುಗ, "ಟೀಚರ್, ನ್ಯೂಟ್ರಾನ್ ಎಲೆಕ್ಟ್ರಾನಿಗಿಂತ 1800 ಪಟ್ಟು ಭಾರ. ಅದರ ಅಲೆ ಗೊತ್ತಾಗುತ್ತದಲ್ಲ? ಮತ್ತೆ ಚೆಂಡು ಅಂಗಳದಲ್ಲಿ ಸುಮ್ನೆ ಬಿದ್ದಿದ್ದರೆ ವೇಗ ಸೊನ್ನೆ. λ = h/mv ಪ್ರಕಾರ ತರಂಗದೂರ ಅನಂತ ಆಗಬೇಕು, ಅಲ್ವಾ?" ಎಂದ. ನನಗೆ ಉತ್ತರ ಹೊಳೆಯಲಿಲ್ಲ. ಎಷ್ಟು ಭಾರದವರೆಗೆ ಅಲೆ, ಎಲ್ಲಿಂದ ಚೆಂಡು? ಗೆರೆ ಎಲ್ಲಿದೆ ಸರ್?

ಉತ್ತರ: ಆ ಹುಡುಗನಿಗೆ ಮೊದಲು ಹೇಳಿ, ಅವನು ಕೇಳಿದ್ದು ಸರಿಯಾಗಿದೆ ಅಂತ. "ದ್ರವ್ಯರಾಶಿ ಜಾಸ್ತಿ" ಎಂಬ ಉತ್ತರ ತಪ್ಪಲ್ಲ, ಆದರೆ ಅರ್ಧ ಮಾತ್ರ. ಇಷ್ಟು ಭಾರದವರೆಗೆ ಅಲೆ, ಅದರಾಚೆ ಚೆಂಡು ಅಂತ ಪ್ರಕೃತಿ ಎಲ್ಲಿಯೂ ಗೆರೆ ಎಳೆದಿಲ್ಲ. ಗೊತ್ತಾಗುತ್ತದೋ ಇಲ್ಲವೋ ಎಂಬುದು ಮೂರು ಸಂಗತಿಗಳ ಮೇಲೆ ನಿಂತಿದೆ. ತರಂಗದೂರ ಎಷ್ಟು, ಅದರ ಎದುರಿಗೆ ನಾವು ಎಷ್ಟು ಸಣ್ಣ ಗಂಡಿ ಇಟ್ಟಿದ್ದೇವೆ, ದಾರಿಯಲ್ಲಿ ಅದನ್ನು ಯಾರೂ ಮುಟ್ಟದೆ ಬಿಟ್ಟಿದ್ದಾರೆಯೇ. ನಾವು ಕ್ಲಾಸಿನಲ್ಲಿ ಮೊದಲನೆಯದನ್ನು ಮಾತ್ರ ಹೇಳಿ ಮುಗಿಸುತ್ತೇವೆ. ಹಾಗಾಗಿ ಹುಡುಗರಿಗೆ ಗೊಂದಲ ಆಗುತ್ತದೆ.

ಗಂಡಿಯಿಂದಲೇ ಶುರು ಮಾಡೋಣ. ಮಂಜೇಶ್ವರದ ಮೀನುಗಾರಿಕಾ ಬಂದರಿನ ಹತ್ತಿರ ನಿಂತು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕಲ್ಲಿನ ಎರಡು ತಡೆಗಳ ನಡುವಿನ ಬಾಯಿಯಿಂದ ಕಡಲ ತೆರೆ ಒಳಗೆ ಬಂದ ಮೇಲೆ ನೇರವಾಗಿ ಹೋಗುವುದಿಲ್ಲ, ಬೀಸಣಿಗೆಯ ಹಾಗೆ ಎರಡೂ ಬದಿಗೆ ಬಾಗಿ ಹರಡುತ್ತದೆ. ತೆರೆಯಿಂದ ತೆರೆಗೆ ಇರುವ ದೂರ ಬಾಯಿಯ ಅಗಲಕ್ಕೆ ಹತ್ತಿರ ಇರುವಾಗ ಹೀಗಾಗುತ್ತದೆ. ಅದೇ ಬಾಯಿಯಲ್ಲಿ ಗಾಳಿ ಎಬ್ಬಿಸಿದ ಗೇಣುದ್ದದ ಕಿರು ಅಲೆಗಳು ಬಂದರೆ ಅವು ಹೆಚ್ಚು ಕಡಿಮೆ ನೇರವಾಗಿಯೇ ಹೋಗುತ್ತವೆ. ಅವೂ ಅಲೆಗಳೇ. ಆದರೆ ಆ ಬಾಯಿ ಅವುಗಳಿಗೆ ತುಂಬಾ ದೊಡ್ಡದು, ಹರಡುವುದು ಕಣ್ಣಿಗೆ ಬೀಳುವುದಿಲ್ಲ.

ಲೆಕ್ಕ ಸುಲಭ. ತರಂಗದೂರವನ್ನು ಗಂಡಿಯ ಅಗಲದಿಂದ ಭಾಗಿಸಿ. ಬಂದ ಸಂಖ್ಯೆ ಎಂದರೆ, 1 ಮೀಟರ್ ಮುಂದೆ ಹೋಗುವಾಗ ಸುಮಾರು ಎಷ್ಟು ಮೀಟರ್ ಪಕ್ಕಕ್ಕೆ ಸರಿಯುತ್ತದೆ ಎಂಬುದು. ಈ ಸರಿಯುವಿಕೆಯನ್ನು ಅಳೆಯಲು ಸಾಧ್ಯವಾದರೆ ಅಲೆ ಸಿಕ್ಕಿತು. ಅಳೆಯಲು ಆಗದಿದ್ದರೆ ಅದು ನಮ್ಮ ಪಾಲಿಗೆ ಗುಂಡು.

ಇದನ್ನು ನಾನು ಕಣ್ಣಾರೆ ಕಂಡದ್ದು ಎಲೆಕ್ಟ್ರಾನ್ ವಿವರ್ತನೆಯ ಟ್ಯೂಬಿನಲ್ಲಿ. ಕಾಲೇಜು ಲ್ಯಾಬಿನಲ್ಲಿ ಬಳಸುವ ಗಾಜಿನ ಬುರುಡೆ ಅದು. ಒಂದು ಕಡೆ ಕಾದ ತಂತಿ, ಎದುರಿಗೆ ಹಸಿರಾಗಿ ಮಿನುಗುವ ಪರದೆ, ನಡುವೆ ಸಣ್ಣ ಬಲೆಯ ಮೇಲೆ ಗ್ರಾಫೈಟಿನ ಅತಿ ತೆಳು ಪದರ. ಪದರದಿಂದ ಪರದೆಗೆ ಸುಮಾರು 13.5 ಸೆಂಟಿಮೀಟರ್. ಕೋಣೆ ಕತ್ತಲೆ ಮಾಡಿ, 4,000 ವೋಲ್ಟ್ ಕೊಟ್ಟರೆ, ಪರದೆಯ ನಡುವೆ ಒಂದು ಹೊಳೆಯುವ ಚುಕ್ಕಿ, ಅದರ ಸುತ್ತ ಎರಡು ಉಂಗುರ ಕಾಣುತ್ತವೆ. ಮಂಕಾದ ಉಂಗುರಗಳು. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಎರಡು ನಿಮಿಷ ಬೇಕು.

ಈ ಉಂಗುರಗಳ ಲೆಕ್ಕವನ್ನು ಮಕ್ಕಳ ಕೈಯಲ್ಲೇ ಮಾಡಿಸಬಹುದು. ಎಲೆಕ್ಟ್ರಾನಿನ ತರಂಗದೂರ ನ್ಯಾನೋಮೀಟರಿನಲ್ಲಿ ಬೇಕಾದರೆ 1.227 ಅನ್ನು ವೋಲ್ಟಿನ ವರ್ಗಮೂಲದಿಂದ ಭಾಗಿಸಬೇಕು. 4,000ದ ವರ್ಗಮೂಲ 63.2. ಹಾಗಾಗಿ ತರಂಗದೂರ 0.0194 ನ್ಯಾನೋಮೀಟರ್. ಗ್ರಾಫೈಟಿನಲ್ಲಿ ಪರಮಾಣುಗಳ ಸಾಲಿನಿಂದ ಸಾಲಿಗೆ ಎರಡು ಅಂತರಗಳು ಇಲ್ಲಿ ಕೆಲಸ ಮಾಡುತ್ತವೆ, 0.213 ಮತ್ತು 0.123 ನ್ಯಾನೋಮೀಟರ್. ಮೊದಲನೆಯದನ್ನು ತೆಗೆದುಕೊಳ್ಳಿ. 0.0194 ಭಾಗಿಸು 0.213 ಎಂದರೆ 0.091. ಅಂದರೆ 13.5 ಸೆಂಟಿಮೀಟರ್ ಹೋಗುವಾಗ ಸುಮಾರು 1.2 ಸೆಂಟಿಮೀಟರ್ ಪಕ್ಕಕ್ಕೆ. ಉಂಗುರದ ವ್ಯಾಸ ಎರಡೂವರೆ ಸೆಂಟಿಮೀಟರ್ ಆಸುಪಾಸು ಬರಬೇಕು. ಪ್ಲಾಸ್ಟಿಕ್ ಸ್ಕೇಲ್ ಹಿಡಿದು ಅಳೆದರೆ ಹಾಗೆಯೇ ಬರುತ್ತದೆ. ವೋಲ್ಟೇಜನ್ನು 2,500ಕ್ಕೆ ಇಳಿಸಿದರೆ ಎಲೆಕ್ಟ್ರಾನ್ ನಿಧಾನವಾಗುತ್ತದೆ, ತರಂಗದೂರ ದೊಡ್ಡದಾಗುತ್ತದೆ, ಉಂಗುರ 3 ಸೆಂಟಿಮೀಟರಿಗೂ ಸ್ವಲ್ಪ ಜಾಸ್ತಿಯಾಗುತ್ತದೆ. ಗುಬ್ಬಿ ತಿರುಗಿಸುತ್ತಿದ್ದ ಹಾಗೆ ಉಂಗುರ ಹಿಗ್ಗುವುದನ್ನು ನೋಡಿದ ಮಕ್ಕಳು λ = h/p ಅನ್ನು ಮತ್ತೆ ಮರೆಯುವುದಿಲ್ಲ.

ಇದು ಟ್ಯೂಬಿನೊಳಗೆ ಹುಟ್ಟಿದ ಎಕ್ಸ್‌-ಕಿರಣ ಇರಬಹುದಲ್ಲ ಅಂತ ಯಾರಾದರೂ ಕೇಳಿದರೆ ಒಂದು ಮ್ಯಾಗ್ನೆಟ್ ಹತ್ತಿರ ತನ್ನಿ. ಚುಕ್ಕಿ ಮತ್ತು ಉಂಗುರಗಳು ಒಟ್ಟಿಗೆ ಪಕ್ಕಕ್ಕೆ ಜಾರುತ್ತವೆ. ಎಕ್ಸ್‌-ಕಿರಣವನ್ನು ಮ್ಯಾಗ್ನೆಟ್ ಜಗ್ಗುವುದಿಲ್ಲ. ಹಾಗಾಗಿ ಉಂಗುರ ಬರೆಯುತ್ತಿರುವುದು ಎಲೆಕ್ಟ್ರಾನೇ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಉಂಗುರ ಚೆನ್ನಾಗಿ ಕಾಣಲಿ ಅಂತ ಕರೆಂಟ್ ಜಾಸ್ತಿ ಮಾಡಿದೆ. ಗ್ರಾಫೈಟ್ ಪದರ ನಡುವೆ ಕೆಂಪಗೆ ಹೊಳೆಯತೊಡಗಿತು. ನಾನು ಇಳಿಸುವಷ್ಟರಲ್ಲಿ ಪದರ ತೂತಾಗಿತ್ತು. ಆಮೇಲೆ ಎಷ್ಟು ತಿರುಗಿಸಿದರೂ ಬರೀ ಚುಕ್ಕಿ, ಉಂಗುರ ಇಲ್ಲ. ಎಲೆಕ್ಟ್ರಾನ್ ಅದೇ, ವೇಗ ಅದೇ, ತರಂಗದೂರವೂ ಅದೇ. ಹೋದದ್ದು ಪರಮಾಣುಗಳ ಸಾಲು ಮಾತ್ರ. ಅಷ್ಟಕ್ಕೆ ಅಲೆ ಕಾಣೆಯಾಯಿತು. ಆ ಟ್ಯೂಬ್ ಹಾಳಾದ ಬೇಸರ ನನಗೆ ಇವತ್ತಿಗೂ ಇದೆ. ಆದರೆ ಗಂಡಿಯ ಮಾತು ನನಗೆ ಪೂರ್ತಿ ತಿಳಿದದ್ದು ಅವತ್ತು.

ಹಳೆಯ ಡಬ್ಬದಂಥ ಟಿವಿಯಲ್ಲೂ ಎಲೆಕ್ಟ್ರಾನೇ ಓಡುತ್ತಿತ್ತು. ಸುಮಾರು 20,000 ವೋಲ್ಟಿನಲ್ಲಿ ಅದರ ತರಂಗದೂರ 0.0086 ನ್ಯಾನೋಮೀಟರ್. ದಾರಿಯಲ್ಲಿ ಇದ್ದ ತೂತು 1 ಮಿಲಿಮೀಟರಿನ ಆಸುಪಾಸು. ಭಾಗಿಸಿ ನೋಡಿ, ಪರದೆ ಮುಟ್ಟುವಷ್ಟರಲ್ಲಿ ಅದು ಅಲೆಯಾಗಿ ಹರಡುವುದು ಕೆಲವೇ ನ್ಯಾನೋಮೀಟರ್, ಮಿಲಿಮೀಟರಿನ ಲಕ್ಷದ ಒಂದು ಪಾಲಿಗಿಂತಲೂ ಕಡಿಮೆ. ಹಾಗಾಗಿ ಟಿವಿ ಮಾಡಿದ ಎಂಜಿನಿಯರುಗಳು ಎಲೆಕ್ಟ್ರಾನನ್ನು ಗುಂಡು ಅಂತಲೇ ಲೆಕ್ಕ ಹಾಕಿದರು, ಚಿತ್ರವೂ ಸರಿಯಾಗಿಯೇ ಬಂತು. ಅಂದರೆ "ಎಲೆಕ್ಟ್ರಾನ್ ಅಲೆ, ಚೆಂಡು ಕಣ" ಎಂಬ ಹಂಚಿಕೆಯೇ ಸರಿಯಲ್ಲ. ಎಲೆಕ್ಟ್ರಾನ್ ಕೂಡ ಬಹಳ ಕಡೆ ಚೆಂಡಿನ ಹಾಗೆಯೇ ಇರುತ್ತದೆ.

ಇತಿಹಾಸದಲ್ಲಿಯೂ ಇದೇ ಆಯಿತು. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಡೇವಿಸನ್ ಮತ್ತು ಜರ್ಮರ್ ನಿಕ್ಕಲ್ ತುಂಡಿನ ಮೇಲೆ ಎಲೆಕ್ಟ್ರಾನ್ ಹಾಯಿಸುತ್ತಿದ್ದರು. 1925ರಲ್ಲಿ ಅವರ ದ್ರವ ಗಾಳಿಯ ಬಾಟಲಿ ಒಡೆದು, ನಿರ್ವಾತದ ಟ್ಯೂಬ್ ಒಡೆದು, ಕಾದ ನಿಕ್ಕಲಿಗೆ ಗಾಳಿ ತಾಗಿ ಮೇಲ್ಮೈ ಹಾಳಾಯಿತು. ಅದನ್ನು ಸರಿ ಮಾಡಲು ಬಹಳ ಹೊತ್ತು ಚೆನ್ನಾಗಿ ಕಾಯಿಸಿದರು. ಮೊದಲು ಸಾವಿರಾರು ಕಿರುಹರಳುಗಳಿದ್ದ ತುಂಡಿನಲ್ಲಿ ಈಗ ಕೆಲವೇ ದೊಡ್ಡ ಹರಳುಗಳು ಬೆಳೆದಿದ್ದವು. ಮತ್ತೆ ಎಲೆಕ್ಟ್ರಾನ್ ಹಾಯಿಸಿದಾಗ ಚಿತ್ರವೇ ಬದಲಾಗಿತ್ತು. 1927ರಲ್ಲಿ ಒಂದೇ ಹರಳಿನ ನಿಕ್ಕಲ್ ಬಳಸಿ ಅಳೆದರು. 54 ವೋಲ್ಟಿನಲ್ಲಿ, 50 ಡಿಗ್ರಿಯಲ್ಲಿ ಎಲೆಕ್ಟ್ರಾನುಗಳು ಎದ್ದು ಕಾಣುವಷ್ಟು ಜಾಸ್ತಿ. ನಿಕ್ಕಲಿನ ಸಾಲಿನ ಅಂತರ 0.215 ನ್ಯಾನೋಮೀಟರ್. ಅದಕ್ಕೆ 50 ಡಿಗ್ರಿಯ ಸೈನ್ ಗುಣಿಸಿದರೆ 0.165. ಸೂತ್ರದಿಂದ ಬರುವ ತರಂಗದೂರ 0.167. ಇಷ್ಟು ಹತ್ತಿರ.

ಇಲ್ಲಿ ಮಕ್ಕಳು ಮಾಡುವ ಒಂದು ತಪ್ಪನ್ನು ನಾನು ಪ್ರತಿ ವರ್ಷ ನೋಡಿದ್ದೇನೆ. ಬೆಳಕಿನ ಸೂತ್ರವನ್ನು ತಂದು ಎಲೆಕ್ಟ್ರಾನಿಗೆ ಹಾಕುತ್ತಾರೆ. 1240 ಅನ್ನು 54ರಿಂದ ಭಾಗಿಸಿ 23 ನ್ಯಾನೋಮೀಟರ್ ಅಂತ ಬರೆಯುತ್ತಾರೆ. ಉತ್ತರ ಹರಳಿನ ಅಂತರಕ್ಕಿಂತ ನೂರು ಪಟ್ಟು ದೊಡ್ಡದಾಗಿ ಬಂದರೆ ಸೂತ್ರ ತಪ್ಪಿದೆ ಅಂತ ತಿಳಿಯಬೇಕು. d sin θ = λ ಯಲ್ಲಿ λ, d ಗಿಂತ ದೊಡ್ಡದಾದರೆ ಕೋನವೇ ಸಿಗುವುದಿಲ್ಲ.

ಈಗ ನ್ಯೂಟ್ರಾನ್. ಹುಡುಗ ಹೇಳಿದ್ದು ನಿಜ, ಅದು ಎಲೆಕ್ಟ್ರಾನಿಗಿಂತ 1839 ಪಟ್ಟು ಭಾರ. ಒಂದೇ ವೇಗದಲ್ಲಿ ಓಡಿದರೆ ಅದರ ತರಂಗದೂರ ಅಷ್ಟೇ ಪಟ್ಟು ಸಣ್ಣದು. ಆದರೆ ಒಂದೇ ವೇಗದಲ್ಲಿ ಓಡಬೇಕೆಂದು ಯಾರು ಹೇಳಿದರು? ಛೇದದಲ್ಲಿ ನೋಡಬೇಕಾದ ಸಂಖ್ಯೆ m ಅಲ್ಲ, m ಮತ್ತು v ಎರಡರ ಗುಣಲಬ್ಧ. ಯುರೇನಿಯಂ ಒಡೆದಾಗ ಹೊರಬರುವ ನ್ಯೂಟ್ರಾನಿನ ವೇಗ ಸೆಕೆಂಡಿಗೆ ಸುಮಾರು 2 ಕೋಟಿ ಮೀಟರ್. ಆಗ ಅದರ ತರಂಗದೂರ 0.00002 ನ್ಯಾನೋಮೀಟರ್, ಹರಳಿಗೆ ಅದು ಗುಂಡೇ. ಅದನ್ನು ಭಾರಜಲದಲ್ಲಿ ಬಿಟ್ಟರೆ ಅಣುಗಳಿಗೆ ಢಿಕ್ಕಿ ಹೊಡೆದು ಹೊಡೆದು ಸುಸ್ತಾಗಿ, ಕೋಣೆಯ ಬಿಸಿಗೆ ಹೊಂದಿಕೊಂಡು, ಸೆಕೆಂಡಿಗೆ 2,200 ಮೀಟರಿನ ಆಸುಪಾಸಿಗೆ ಇಳಿಯುತ್ತದೆ. ಈಗ ತರಂಗದೂರ 0.18 ನ್ಯಾನೋಮೀಟರ್. ಡೇವಿಸನ್ ಬಳಸಿದ 54 ವೋಲ್ಟಿನ ಎಲೆಕ್ಟ್ರಾನಿನಷ್ಟೇ ಹೆಚ್ಚು ಕಡಿಮೆ! ಹರಳಿನ ಅಂತರಕ್ಕೆ ಇದು ಸರಿಯಾಗಿ ಹೊಂದುತ್ತದೆ. ಮುಂಬೈಯ ಟ್ರಾಂಬೆಯಲ್ಲಿ 1985ರಲ್ಲಿ ಶುರುವಾದ ಧ್ರುವ ರಿಯಾಕ್ಟರಿನಿಂದ ಬರುವ ಇಂಥ ನ್ಯೂಟ್ರಾನುಗಳಿಂದಲೇ ನಮ್ಮವರು ವಸ್ತುಗಳ ಒಳಗಿನ ಪರಮಾಣುಗಳ ಜೋಡಣೆ ತಿಳಿಯುತ್ತಾರೆ. ರಿಯಾಕ್ಟರಿನಿಂದ ಬರುವಾಗ ನ್ಯೂಟ್ರಾನುಗಳ ವೇಗ ಒಂದೊಂದರದು ಒಂದೊಂದು. ಹಾಗೇ ಬಳಸಿದರೆ ಬೇರೆ ಬೇರೆ ಅಳತೆಯ ಚಿತ್ರಗಳು ಒಂದರ ಮೇಲೊಂದು ಬಿದ್ದು ಮಸುಕಾಗುತ್ತದೆ. ಅದಕ್ಕೆ ಮೊದಲು ಒಂದು ಹರಳಿಗೆ ತಾಗಿಸಿ, ಒಂದು ತರಂಗದೂರದವುಗಳನ್ನು ಮಾತ್ರ ಆರಿಸಿಕೊಳ್ಳುತ್ತಾರೆ.

ಇನ್ನೂ ನಿಧಾನ ಮಾಡಿದರೆ? ಮಾಡಿದ್ದಾರೆ. ಫ್ರಾನ್ಸಿನ ಗ್ರೆನೋಬ್ಲ್‌ನಲ್ಲಿ ಸೆಕೆಂಡಿಗೆ ಸುಮಾರು 200 ಮೀಟರಿನ ತಣ್ಣನೆಯ ನ್ಯೂಟ್ರಾನುಗಳನ್ನು ಎರಡು ಸೀಳುಗಳ ಮೂಲಕ ಹಾಯಿಸಿದರು. ಝೈಲಿಂಗರ್ ಮತ್ತು ಸಂಗಡಿಗರು ಈ ಕೆಲಸವನ್ನು 1988ರಲ್ಲಿ ಪ್ರಕಟಿಸಿದರು. ತರಂಗದೂರ 2 ನ್ಯಾನೋಮೀಟರಿನ ಹತ್ತಿರ. ಸೀಳುಗಳು ಒಂದೊಂದೂ ಮಿಲಿಮೀಟರಿನ ಐವತ್ತನೇ ಒಂದು ಭಾಗದಷ್ಟು ಅಗಲ, ನಡುವೆ ಕೂದಲಿನಷ್ಟು ದಪ್ಪದ ಬೋರಾನ್ ತಂತಿ. 5 ಮೀಟರ್ ದೂರದಲ್ಲಿ ಎಣಿಸಿದಾಗ ಹೆಚ್ಚು, ಕಡಿಮೆ, ಹೆಚ್ಚು, ಕಡಿಮೆ ಅಂತ ಪಟ್ಟಿಗಳು ಬಂದವು. ಪಟ್ಟಿಯಿಂದ ಪಟ್ಟಿಗೆ ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಆದರೂ ಅಳೆದರು.

ನೋಡಿ, ನಿಮ್ಮ ಹುಡುಗ ಚೆಂಡಿಗೆ ಹೇಳಿದ ಉಪಾಯವೇ ಇದು. ವೇಗ ಕಡಿಮೆ ಮಾಡು, ತರಂಗದೂರ ಬೆಳೆಸು. ನ್ಯೂಟ್ರಾನಿಗೆ ಅದು ಫಲಿಸಿತು. ಚೆಂಡಿಗೆ ಯಾಕೆ ಫಲಿಸುವುದಿಲ್ಲ ಎಂಬುದೇ ನಿಜವಾದ ಪ್ರಶ್ನೆ.

ಮೊದಲು ಓಡುವ ಚೆಂಡಿನ ಲೆಕ್ಕ ಮುಗಿಸಿಬಿಡೋಣ. 160 ಗ್ರಾಂ ಚೆಂಡು, ಗಂಟೆಗೆ 144 ಕಿಲೋಮೀಟರ್. ಗ್ರಾಮನ್ನು ಕಿಲೋಗ್ರಾಂ ಮಾಡಲು, ವೇಗವನ್ನು ಸೆಕೆಂಡಿಗೆ 40 ಮೀಟರ್ ಅಂತ ಬದಲಿಸಲು ಮಕ್ಕಳಿಗೆ ನೆನಪು ಮಾಡಿ. ಸಂವೇಗ 6.4. ತರಂಗದೂರ 10⁻³⁴ ಮೀಟರಿನ ಹತ್ತಿರ. ಇದನ್ನು ಯಾವ ಗಂಡಿಯಲ್ಲಿ ಹಾಯಿಸುತ್ತೀರಿ? ಚೆಂಡೇ 7.2 ಸೆಂಟಿಮೀಟರ್ ಇದೆ, ಗಂಡಿ ಅದಕ್ಕಿಂತ ಸಣ್ಣದಾದರೆ ಚೆಂಡು ಹೋಗುವುದಿಲ್ಲ. ಕಿಟಕಿಯ ಎರಡು ಸರಳುಗಳ ನಡುವೆ ಸರಿಯಾಗಿ 7.5 ಸೆಂಟಿಮೀಟರ್ ಜಾಗ ಇದೆ ಅಂತ ಇಟ್ಟುಕೊಳ್ಳಿ. ಅದರಲ್ಲಿ ಹಾಯ್ದ ಚೆಂಡು ಅಡ್ಡಿಯಿಲ್ಲದೆ ಆಂಡ್ರೊಮಿಡಾ ಗ್ಯಾಲಕ್ಸಿಯವರೆಗೆ, ಅಂದರೆ ಬೆಳಕಿಗೇ 25 ಲಕ್ಷ ವರ್ಷ ಬೇಕಾದಷ್ಟು ದೂರ ಹೋದರೂ, ಅಲೆಯಾಗಿ ಪಕ್ಕಕ್ಕೆ ಸರಿಯುವುದು ಒಂದು ಪರಮಾಣುವಿನ ಅಗಲದ ಮೂರನೇ ಒಂದು ಪಾಲು. ಇದು ಗುಣಾಕಾರ ಮಾತ್ರ, ನೀವೇ ಮಾಡಿ ನೋಡಬಹುದು.

ಹಾಗೆಯೇ ಚೆಂಡು ಸ್ವಿಂಗ್ ಆಗುವುದು ಈ ಅಲೆಯಿಂದ ಅಂತ ಕೆಲವು ಮಕ್ಕಳು ತಿಳಿದಿರುತ್ತಾರೆ. ಸ್ವಿಂಗ್ ಆಗುವುದು ಹೊಲಿಗೆಯ ಎರಡು ಬದಿಯಲ್ಲಿ ಗಾಳಿ ಬೇರೆ ಬೇರೆ ರೀತಿ ಹರಿಯುವುದರಿಂದ. ಎಲೆಕ್ಟ್ರಾನ್ ಕೂಡ ಹಾವಿನ ಹಾಗೆ ಬಳುಕುತ್ತಾ ಹೋಗುವುದಿಲ್ಲ. ಅಲೆ ಎಂದರೆ ಅದು ಎಲ್ಲಿ ಸಿಗುವ ಸಾಧ್ಯತೆ ಹೆಚ್ಚು, ಎಲ್ಲಿ ಕಡಿಮೆ ಎಂಬುದರ ಹಂಚಿಕೆ.

ಈಗ ಅಂಗಳದ ಚೆಂಡಿಗೆ ಬರೋಣ. ಹುಡುಗನ ಮಾತಿಗೆ ಪೂರ್ತಿ ಅವಕಾಶ ಕೊಡೋಣ. ಚೆಂಡಿನ ತರಂಗದೂರ ಅದರ ಅಗಲದಷ್ಟೇ, ಅಂದರೆ 7 ಸೆಂಟಿಮೀಟರ್ ಆಗಬೇಕಾದರೆ ವೇಗ ಎಷ್ಟಿರಬೇಕು? ಸೆಕೆಂಡಿಗೆ 6 × 10⁻³² ಮೀಟರ್. ಈ ವೇಗದಲ್ಲಿ ಚೆಂಡು ತನ್ನ ಅಗಲದಷ್ಟು ದೂರ ಸರಿಯಲು ವಿಶ್ವದ ಈಗಿನ ವಯಸ್ಸಿನ ಎರಡೂವರೆ ಲಕ್ಷ ಕೋಟಿ ಪಟ್ಟು ಕಾಲ ಬೇಕು. ಗಂಡಿ ದಾಟಿ ಆಚೆ ಪರದೆಗೆ ಬೀಳುವ ಮಾತೇ ಇಲ್ಲ. ಬೇಡ, ಆಸೆ ಕಡಿಮೆ ಮಾಡಿ, ಒಂದು ಪರಮಾಣುವಿನಷ್ಟು, 0.1 ನ್ಯಾನೋಮೀಟರ್ ಸಾಕು ಅನ್ನೋಣ. ಆಗಲೂ ವೇಗ ಸೆಕೆಂಡಿಗೆ 4 × 10⁻²³ ಮೀಟರ್. ಒಂದು ಪರಮಾಣುವಿನ ಅಗಲ ದಾಟಲು 77,000 ವರ್ಷ.

ಕಾಯಲು ಸಿದ್ಧ ಎಂದರೂ ಅಷ್ಟು ನಿಧಾನ ಮಾಡಲು ಸಾಧ್ಯವಿಲ್ಲ. "ಸುಮ್ನೆ ಬಿದ್ದಿದೆ" ಅನ್ನುವ ಚೆಂಡು ನಿಜವಾಗಿ ಸುಮ್ಮನಿರುವುದಿಲ್ಲ. ನಮ್ಮ ಕರಾವಳಿಯಲ್ಲಂತೂ ಕಡಲ ತೆರೆಗಳ ಹೊಡೆತಕ್ಕೆ ನೆಲ ಸದಾ ಸಣ್ಣಗೆ ನಡುಗುತ್ತಿರುತ್ತದೆ, ಭೂಕಂಪ ಅಳೆಯುವ ಯಂತ್ರಗಳಲ್ಲಿ ಇದು ದಿನಾ ದಾಖಲಾಗುತ್ತದೆ. ನಿಮ್ಮ ಮನೆಯ ಮುರಕಲ್ಲಿನ ಅಂಗಳವೂ ಅದರ ಜೊತೆ ನಡುಗುತ್ತದೆ. ಅದನ್ನೂ ಬಿಡಿ, ಚೆಂಡನ್ನು ಯಾವುದಕ್ಕೂ ತಾಗದ ಹಾಗೆ ತೇಲಿಸಿಟ್ಟೆವು ಅಂತ ಇಟ್ಟುಕೊಳ್ಳಿ. ಆಗಲೂ ಕೋಣೆಯ ಬಿಸಿ ಅದನ್ನು ಅಲುಗಿಸುತ್ತದೆ. ಅಣುಗಳನ್ನು ಕುಣಿಸುವ ಬಿಸಿಯೇ ಇಡೀ ಚೆಂಡನ್ನೂ ಕುಣಿಸುತ್ತದೆ, ಆದರೆ ತೀರಾ ಸಣ್ಣಗೆ. ಲೆಕ್ಕ ಹಾಕಿದರೆ ಒಂದು ದಿಕ್ಕಿನಲ್ಲಿ ಸೆಕೆಂಡಿಗೆ 1.6 × 10⁻¹⁰ ಮೀಟರ್. ನಮ್ಮ ಪಾಲಿಗೆ ಇದು ಸೊನ್ನೆ. ಆದರೆ ಸೂತ್ರಕ್ಕೆ ಹಾಕಿದರೆ ತರಂಗದೂರ 2.6 × 10⁻²³ ಮೀಟರ್ ಬರುತ್ತದೆ. ಒಂದು ಪ್ರೋಟಾನಿನ ಅಗಲಕ್ಕಿಂತ ಸುಮಾರು 6 ಕೋಟಿ ಪಟ್ಟು ಸಣ್ಣದು. ಅನಂತ ಅಂದುಕೊಂಡದ್ದು ಇಷ್ಟಾಯಿತು! ನ್ಯೂಟ್ರಾನನ್ನು ಕೋಣೆಯ ಬಿಸಿಗೆ ತಂದಾಗ 0.18 ನ್ಯಾನೋಮೀಟರ್ ಸಿಕ್ಕಿತು, ಚೆಂಡನ್ನು ಅದೇ ಬಿಸಿಗೆ ತಂದಾಗ ಇದು ಸಿಕ್ಕಿತು. ದ್ರವ್ಯರಾಶಿಯ ಪಾತ್ರ ನಿಜವಾಗಿ ಎಲ್ಲಿದೆ ಅಂತ ಈಗ ಹೇಳಬಹುದು. ಭಾರವಾದ ವಸ್ತುವಿನ ಸಂವೇಗವನ್ನು ಬೇಕಾದಷ್ಟು ಸಣ್ಣದು ಮಾಡಿ ಇಟ್ಟುಕೊಳ್ಳಲು ಆಗುವುದಿಲ್ಲ.

ಹುಡುಗ ಚುರುಕಿದ್ದಾನೆ, "ಪೂರ್ತಿ ತಣ್ಣಗೆ ಮಾಡಿದರೆ?" ಅಂತ ಕೇಳಬಹುದು. ಆಗ ಇದನ್ನು ಹೇಳಿ. ತರಂಗದೂರ ನಿಜಕ್ಕೂ ಅನಂತ ಎಂದರೆ ಸಂವೇಗ ಕರಾರುವಾಕ್ಕಾಗಿ ಸೊನ್ನೆ. ಹೈಸನ್‌ಬರ್ಗ್ ನಿಯಮದ ಪ್ರಕಾರ ಅಂಥ ಚೆಂಡು ಎಲ್ಲಿದೆ ಅಂತ ಹೇಳಲು ಬರುವುದೇ ಇಲ್ಲ. ಆದರೆ ನಮ್ಮ ಚೆಂಡು ತುಳಸಿಕಟ್ಟೆಯ ಪಕ್ಕದಲ್ಲಿ ಬಿದ್ದಿರುವುದು ಕಾಣುತ್ತಿದೆ. ಎಲ್ಲಿದೆ ಅಂತ ಗೊತ್ತಿರುವ ಚೆಂಡಿಗೆ ಒಂದೇ ತರಂಗದೂರ ಇರುವುದಿಲ್ಲ, ಬೇರೆ ಬೇರೆ ತರಂಗದೂರಗಳ ಒಂದು ಕಂತೆ ಇರುತ್ತದೆ. v = 0 ಅಂತ ಸೂತ್ರಕ್ಕೆ ಹಾಕುವುದು ಈ ಕಾರಣಕ್ಕೂ ತಪ್ಪಾಗುತ್ತದೆ.

ಇನ್ನು ಮೂರನೆಯ ಸಂಗತಿ, ಮುಟ್ಟುವವರ ಕಾಟ. ಗಾಳಿಯ ಒಂದು ನೈಟ್ರೋಜನ್ ಅಣು ಚೆಂಡಿಗೆ ತಾಗಿ ಪುಟಿದರೆ ಚೆಂಡಿನ ವೇಗ ಸೆಕೆಂಡಿಗೆ ಸುಮಾರು 3 × 10⁻²² ಮೀಟರಿನಷ್ಟು ಬದಲಾಗುತ್ತದೆ. ನಾವು ಆಗ ಕೇಳಿದ ವೇಗ 4 × 10⁻²³. ಒಂದೇ ಒಂದು ಅಣುವಿನ ಪೆಟ್ಟು ನಮಗೆ ಬೇಕಾದ ವೇಗದ ಏಳು ಪಟ್ಟು! ಅಂಥ ಪೆಟ್ಟುಗಳು ಚೆಂಡಿಗೆ ಪ್ರತಿ ಸೆಕೆಂಡಿಗೆ 10²⁵ಕ್ಕೂ ಜಾಸ್ತಿ ಬೀಳುತ್ತವೆ. ಪೆಟ್ಟು ಬಿದ್ದಾಗ ವೇಗ ಕೆಡುವುದಷ್ಟೇ ಅಲ್ಲ. ತಾಗಿ ಹೋದ ಅಣು ಚೆಂಡು ಎಲ್ಲಿತ್ತು ಎಂಬ ಸುದ್ದಿಯನ್ನು ತನ್ನ ಜೊತೆ ಒಯ್ಯುತ್ತದೆ. ಸುದ್ದಿ ಹೊರಗೆ ಹೋದಷ್ಟೂ ಅಲೆಯ ಪಟ್ಟಿ ಮಾಸುತ್ತದೆ.

ಇದು ಬರೀ ಮಾತಲ್ಲ, ಅಳೆದು ನೋಡಿದ್ದಾರೆ. ನಿಮ್ಮ "ಗೆರೆ ಎಲ್ಲಿದೆ" ಎಂಬ ಪ್ರಶ್ನೆಗೆ ಅಲ್ಲಿಯೇ ಉತ್ತರ ಇದೆ. 1999ರಲ್ಲಿ ವಿಯೆನ್ನಾದಲ್ಲಿ 60 ಕಾರ್ಬನ್ ಪರಮಾಣುಗಳಿರುವ ಫುಲ್ಲರೀನ್ ಅಣುವಿನ ಅಲೆಯನ್ನು ಹಿಡಿದರು. ಎಲೆಕ್ಟ್ರಾನಿಗಿಂತ 13 ಲಕ್ಷ ಪಟ್ಟು ಭಾರ. ಅದರ ತರಂಗದೂರ 0.0025 ನ್ಯಾನೋಮೀಟರ್, ಅಣುವಿನ ಅಗಲವೇ ಅದರ ಸುಮಾರು 300 ಪಟ್ಟು. ತರಂಗದೂರ ವಸ್ತುವಿನ ಗಾತ್ರಕ್ಕಿಂತ ಸಣ್ಣದಾದರೆ ಅಲೆ ಇಲ್ಲ ಅಂತ ಹೇಳಿಕೊಡುವವರಿದ್ದಾರೆ. ಅದು ತಪ್ಪು ಅಂತ ತೋರಿಸಲು ಈ ಒಂದು ಪ್ರಯೋಗ ಸಾಕು. ಅವರು 100 ನ್ಯಾನೋಮೀಟರ್ ಅಂತರದ ಸೀಳುಗಳ ಜಾಲರಿ ಇಟ್ಟರು, ಒಂದೂಕಾಲು ಮೀಟರ್ ದೂರದಲ್ಲಿ ಅಳೆದರು. 0.0025ನ್ನು 100ರಿಂದ ಭಾಗಿಸಿ ದೂರದಿಂದ ಗುಣಿಸಿದರೆ ಮಿಲಿಮೀಟರಿನ ನೂರನೇ ಮೂರು ಭಾಗ. ಲೇಸರ್ ಕಿರಣದಿಂದ ಅಷ್ಟನ್ನು ಬೇರೆ ಮಾಡಿ ಎಣಿಸಲು ಅವರಿಗೆ ಸಾಧ್ಯವಾಯಿತು, ಅಲೆ ಸಿಕ್ಕಿತು.

ಆಮೇಲೆ ಅದೇ ಊರಿನವರು 70 ಕಾರ್ಬನ್‌ಗಳ ಅಣುವನ್ನು ಇಟ್ಟುಕೊಂಡು ಬೇಕೆಂದೇ ನಿರ್ವಾತವನ್ನು ಕೆಡಿಸಿದರು. ಸ್ವಲ್ಪ ಸ್ವಲ್ಪವೇ ಅನಿಲ ಬಿಟ್ಟರು. ಪಟ್ಟಿಗಳು ಥಟ್ಟನೆ ಹೋಗಲಿಲ್ಲ, ಅನಿಲ ಹೆಚ್ಚಿದ ಹಾಗೆ ಸಂಜೆಯ ಬೆಳಕಿನಂತೆ ಮೆಲ್ಲಗೆ ಮಂಕಾದವು. ಇನ್ನೊಮ್ಮೆ ಲೇಸರಿನಿಂದ ಅಣುವನ್ನೇ ಕಾಯಿಸಿದರು. ಬಿಸಿ ಅಣು ತಾನೇ ಬೆಳಕು ಚೆಲ್ಲಿ ತನ್ನ ಜಾಗದ ಸುದ್ದಿ ಹೇಳಿಬಿಟ್ಟಿತು. ಆಗಲೂ ಹಾಗೆಯೇ ಮಂಕು. 2019ರಲ್ಲಿ ಇದೇ ವಿಯೆನ್ನಾದಲ್ಲಿ ಸುಮಾರು 2,000 ಪರಮಾಣುಗಳ, ಹೈಡ್ರೋಜನ್ ಪರಮಾಣುವಿಗಿಂತ 25,000 ಪಟ್ಟು ಭಾರದ ಅಣುಗಳಲ್ಲೂ ಅಲೆಯನ್ನು ಕಂಡರು. ಗೆರೆ ಇದ್ದಿದ್ದರೆ ಎಲ್ಲಾದರೂ ತಾಗಬೇಕಿತ್ತು. ಇಲ್ಲಿಯವರೆಗೆ ತಾಗಿಲ್ಲ, ಕಷ್ಟ ಮಾತ್ರ ಹೆಚ್ಚುತ್ತಾ ಹೋಗಿದೆ. ಚೆಂಡು ಆ ಅಣುವಿಗಿಂತ ಇನ್ನೂ 10²¹ ಪಟ್ಟಿಗೂ ಜಾಸ್ತಿ ಭಾರ ಎಂಬುದನ್ನೂ ಮರೆಯಬಾರದು.

ಟ್ಯೂಷನ್ನಿನಲ್ಲಿ ಇದನ್ನು ಹೇಗೆ ಹೇಳಬಹುದು? ಪರೀಕ್ಷೆಯಲ್ಲಿ "ದ್ರವ್ಯರಾಶಿ ಹೆಚ್ಚು, ಆದ್ದರಿಂದ ತರಂಗದೂರ ಅತಿ ಚಿಕ್ಕದು" ಎಂಬ ವಾಕ್ಯವನ್ನು ಮಕ್ಕಳು ಬರೆಯಲಿ. ಅದನ್ನು ಬಿಟ್ಟು ಬೇರೆ ಬರೆದರೆ ಅಂಕ ಹೋಗುವ ಭಯ ಇದೆ. ಅದರ ಜೊತೆಗೆ "ಅದಕ್ಕೆ ತಕ್ಕಷ್ಟು ಸಣ್ಣ ಗಂಡಿ ಇಲ್ಲ" ಅಂತ ಒಂದು ಸಾಲು ಸೇರಿಸಲು ಹೇಳಿ. ಎಲೆಕ್ಟ್ರಾನ್ ಟ್ಯೂಬನ್ನು ತೋರಿಸಬೇಕೆಂದರೆ ಯಾವುದಾದರೂ ಕಾಲೇಜಿಗೆ ಕರೆದುಕೊಂಡು ಹೋಗಿ, ಅಲ್ಲಿನ ಲ್ಯಾಬಿನವರೇ ನಡೆಸಲಿ. ಸಾವಿರಾರು ವೋಲ್ಟಿನ ಆಟ ಮನೆಯಲ್ಲಿ ಬೇಡ.

ಮನೆಯಲ್ಲಿ ಮಾಡಲು ಬೇರೆಯೇ ಒಂದು ಇದೆ. ಕೆಂಪು ಲೇಸರ್ ಪಾಯಿಂಟರ್, ಹಳೆಯ ಸಿಡಿ, ಒಂದು ಬಾಚಣಿಗೆ ಸಾಕು. ಕೆಂಪು ಬೆಳಕಿನ ತರಂಗದೂರ ಸುಮಾರು 650 ನ್ಯಾನೋಮೀಟರ್, ಸಿಡಿಯ ಸಾಲಿನ ಅಂತರ 1,600. ಸಿಡಿಗೆ ನೇರವಾಗಿ ಲೇಸರ್ ಹಾಯಿಸಿದರೆ ಸುಮಾರು 24 ಡಿಗ್ರಿ ಆಚೆ ಈಚೆ ಎರಡು ಚುಕ್ಕಿಗಳು ಎದುರಿನ ಗೋಡೆಯ ಮೇಲೆ ಬೀಳುತ್ತವೆ. ಈಗ ಸಿಡಿ ತೆಗೆದು, ಹಲ್ಲಿನಿಂದ ಹಲ್ಲಿಗೆ 1 ಮಿಲಿಮೀಟರ್ ಇರುವ ಬಾಚಣಿಗೆಯ ಮೂಲಕ ಅದೇ ಲೇಸರನ್ನು 3 ಮೀಟರ್ ದೂರದ ಗೋಡೆಗೆ ಹಾಯಿಸಿ. ಲೆಕ್ಕದ ಪ್ರಕಾರ ಪಕ್ಕದ ಚುಕ್ಕಿ ಬರೀ 2 ಮಿಲಿಮೀಟರ್ ಆಚೆ ಇರಬೇಕು. ಲೇಸರಿನ ಚುಕ್ಕಿಯೇ ಅದಕ್ಕಿಂತ ದೊಡ್ಡದಿದ್ದರೆ ಎಲ್ಲ ಒಂದರೊಳಗೊಂದು ಸೇರಿ, ಹಲ್ಲುಗಳ ನೆರಳು ಬಿಟ್ಟರೆ ಬೇರೇನೂ ಬಿಡಿಯಾಗಿ ಕಾಣುವುದಿಲ್ಲ. ಬೆಳಕು ಅಲೆ ಅಂತ ಎಲ್ಲರೂ ಒಪ್ಪಿದ್ದಾರೆ, ಆದರೂ ಬಾಚಣಿಗೆಯ ಎದುರು ಅದು ಗುಂಡಿನ ಹಾಗೆ ಹೋಯಿತು. ಬೇಕಾದರೆ ಗೋಡೆಯನ್ನು ದೂರ ಮಾಡುತ್ತಾ ಹೋಗಿ, ಶಾಲೆಯ ಉದ್ದದ ವರಾಂಡ ಸಿಕ್ಕಿದರೆ ಇನ್ನೂ ಒಳ್ಳೆಯದು. ಯಾವ ದೂರದಲ್ಲಿ ಚುಕ್ಕಿಗಳು ಬೇರೆ ಬೇರೆಯಾಗಿ ಕಾಣಲು ಶುರುವಾಗುತ್ತವೆ ಅಂತ ಆ ಹುಡುಗನೇ ಅಳೆದು ಬರೆಯಲಿ. ಸಿಡಿಯಿಂದ ಪುಟಿದ ಕಿರಣ ಯಾರ ಕಣ್ಣಿಗೂ ಬೀಳದ ಹಾಗೆ, ಸಿಡಿ ಬಳಸುವಾಗ ಮಕ್ಕಳನ್ನೆಲ್ಲ ಸಿಡಿಯ ಹಿಂದೆ, ಬಾಚಣಿಗೆ ಬಳಸುವಾಗ ಲೇಸರಿನ ಹಿಂದೆ, ಕಿರಣದ ಮಟ್ಟಕ್ಕಿಂತ ಮೇಲೆ ಕಣ್ಣಿರುವಂತೆ ನಿಲ್ಲಿಸಿ, ಲೇಸರನ್ನು ಸೊಂಟದ ಎತ್ತರದ ಮೇಜಿನ ಮೇಲೆ ಕಟ್ಟಿ ಇಡಿ.